15 ಜಿಬಿ ತುಂಬುತ್ತಾ ಬಂದ ಸಂಘದ ಮೇಲ್: ಭಾರದ ಸಂದೇಶ ಹುಡುಕಿ ಜಾಗ ಮಾಡಿದ ಬಗೆ

ತೀರ್ಥಹಳ್ಳಿ ಕಡೆಯ ಒಂದು ಸಹಕಾರ ಸಂಘ. ಅಡಿಕೆ ಬೆಳೆಗಾರರೇ ಹೆಚ್ಚಿನ ಸದಸ್ಯರು. ಸಾಲದ ಅರ್ಜಿ, ಪಹಣಿ, ಬೆಳೆ ಹಾನಿಯ ಫೋಟೋ, ಆಡಿಟ್ ಪತ್ರ ಎಲ್ಲವೂ ಬರುವುದು, ಹೋಗುವುದು ಒಂದೇ ಜಿಮೇಲ್ ಖಾತೆಯಲ್ಲಿ. ದುಡ್ಡು ಕೊಡದೆ ಸಿಗುವ 15 ಜಿಬಿಯಲ್ಲಿ 14.3 ಜಿಬಿ ತುಂಬಿ, ಪರದೆಯ ಮೇಲೆ ಎಚ್ಚರಿಕೆಯ ಪಟ್ಟಿ ಕಾಣಿಸಿಕೊಂಡ ಮೇಲೆ ಆ ಖಾತೆಯನ್ನು ಹಗುರ ಮಾಡುವ ಕೆಲಸ ನಮ್ಮ ಕೈಗೆ ಬಂತು. ಯಾವುದನ್ನು ಯಾವ ಕ್ರಮದಲ್ಲಿ ಮಾಡಿದೆವು, ಎಲ್ಲಿ ಕಾಲು ಜಾರುವ ಸಾಧ್ಯತೆ ಇತ್ತು ಎಂಬುದನ್ನು ಇಲ್ಲಿ ಬರೆದಿದ್ದೇವೆ. ಶಿವಮೊಗ್ಗದ ಮಂಡಿಯಿರಲಿ, ಆಗುಂಬೆಯ ಹೋಂಸ್ಟೇ ಇರಲಿ, ಒಂದೇ ಖಾತೆಯಲ್ಲಿ ವ್ಯವಹಾರ ನಡೆಸುವವರಿಗೆಲ್ಲ ಇದೇ ದಾರಿ.

ಜಾಗ ಪೂರ್ತಿ ತುಂಬಿದರೆ ಖಾತೆಯಿಂದ ಮೇಲ್ ಕಳಿಸಲಾಗುವುದಿಲ್ಲ, ಬರುವ ಮೇಲ್ ಕೂಡ ಒಳಗೆ ಬರುವುದಿಲ್ಲ. ಇದರಲ್ಲಿ ಎರಡನೆಯದೇ ಹೆಚ್ಚು ಅಪಾಯ. ಕಳಿಸಿದವರ ಮೇಲ್ `552 5.2.2` ಎಂಬ ಸಂಕೇತದೊಂದಿಗೆ, ಖಾತೆಯ ಮಿತಿ ಮೀರಿದೆ ಎಂಬ ಒಕ್ಕಣೆ ಹೊತ್ತು ಅವರಿಗೇ ವಾಪಸ್ ಹೋಗುತ್ತದೆ. ಸಂಘದವರಿಗೆ ಅದರ ಸುಳಿವೇ ಸಿಗುವುದಿಲ್ಲ. ಬ್ಯಾಂಕಿನಿಂದ ಬರಬೇಕಾದ ಪತ್ರ ಬಂದಿಲ್ಲ ಎಂದು ಇವರು ಕಾಯುತ್ತಾರೆ, ಉತ್ತರ ಬಂದಿಲ್ಲ ಎಂದು ಅವರು ಕಾಯುತ್ತಾರೆ. ಹಾಗಾಗಿ ಒಂದು ಜಿಬಿಯಷ್ಟಾದರೂ ಜಾಗ ಉಳಿದಿರುವಾಗಲೇ ಕೈಹಾಕುವುದು ಒಳ್ಳೆಯದು.

ಮೊದಲು ನೋಡಬೇಕಾದ್ದು ಆ 14.3 ಜಿಬಿಯಲ್ಲಿ ಮೇಲ್‌ನ ಪಾಲು ಎಷ್ಟು ಎಂಬುದು. 15 ಜಿಬಿ ಬರೀ ಮೇಲ್‌ಗೆ ಮೀಸಲಾದದ್ದಲ್ಲ; ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಅದನ್ನೇ ಹಂಚಿಕೊಳ್ಳುತ್ತವೆ. `one.google.com/storage` ಪುಟ ತೆರೆದರೆ ಲೆಕ್ಕ ಬಿಡಿಬಿಡಿಯಾಗಿ ಕಾಣುತ್ತದೆ. ಇಲ್ಲಿ ಜಿಮೇಲ್ 10.1, ಡ್ರೈವ್ 2.8, ಫೋಟೋಸ್ 1.4 ಜಿಬಿ ಇತ್ತು. ಡ್ರೈವ್ ಕಡೆಯ ಪಾಲು ಅಂದಾಜಿಗಿಂತ ಹೆಚ್ಚಿದ್ದರೆ ಆ ಖಾತೆಯನ್ನು ಯಾವ ಮೊಬೈಲಿಗೆ ಹಾಕಿದ್ದಾರೆ ಎಂದು ಕೇಳಿ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಮೊದಲು ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ, 2024ರಿಂದೀಚೆಗೆ ಸೇರುತ್ತದೆ. ಕಚೇರಿಯ ಖಾತೆಯನ್ನೇ ಗುಮಾಸ್ತರ ಫೋನಿಗೂ ಹಾಕಿದ್ದರೆ ಅವರ ಮನೆಯ ವಿಡಿಯೋಗಳೆಲ್ಲ ಸಂಘದ ಜಾಗದಲ್ಲಿ ಕೂತಿರುತ್ತವೆ. ಈ ಖಾತೆಯಲ್ಲಿ ಆ ತೊಂದರೆ ಇರಲಿಲ್ಲ. ಭಾರವೆಲ್ಲ ಮೇಲ್‌ನಲ್ಲೇ ಇತ್ತು.

ನಾವು ಹೋಗುವ ಮೊದಲೇ ಕಾರ್ಯದರ್ಶಿಗಳು ಸಾಕಷ್ಟು ಅಳಿಸಿದ್ದರು. "ಎಂತ ಮಾರಾಯ್ರೇ, ಸಾವಿರಗಟ್ಟಲೆ ತೆಗ್ದೆ, ಒಂದು ಚೂರೂ ಇಳೀಲೇ ಇಲ್ಲ" ಎಂಬುದು ಅವರ ಅಳಲು. ತೆಗೆದದ್ದೆಲ್ಲ ಜಾಹೀರಾತಿನ ಮೇಲ್‌ಗಳು. ಅಂಥ ಒಂದು ಮೇಲ್ ಸರಾಸರಿ 75 ಕೆಬಿ ಎಂದಿಟ್ಟುಕೊಂಡರೆ 4,000 ಮೇಲ್ ತೆಗೆದರೂ ಸಿಗುವುದು 300 ಎಂಬಿ. 15 ಎಂಬಿಯ 20 ಮೇಲ್ ತೆಗೆದರೂ ಅಷ್ಟೇ ಸಿಗುತ್ತದೆ. ಅದೂ ಅಲ್ಲದೆ ಅವರು ತೆಗೆದದ್ದು ಇನ್ನೂ `Trash`ನಲ್ಲೇ ಇತ್ತು. ಅಲ್ಲಿರುವಷ್ಟು ದಿನ ಅದೂ 15 ಜಿಬಿಯ ಲೆಕ್ಕದಲ್ಲೇ ಇರುತ್ತದೆ. ಇನ್ನು ಕೆಲವನ್ನು ಅವರು `Archive` ಮಾಡಿದ್ದರು. ಅದರಿಂದ ಒಂದು ಬೈಟ್ ಕೂಡ ಉಳಿಯುವುದಿಲ್ಲ. ಮೇಲ್ ಇನ್‌ಬಾಕ್ಸ್‌ನಿಂದ ಮರೆಯಾಗಿ `All Mail`ನಲ್ಲಿ ಉಳಿಯುತ್ತದೆ, ಅಷ್ಟೇ.

ಹಾಗಾಗಿ ಹುಡುಕಬೇಕಾದ್ದು ಗಾತ್ರದ ಮೇಲೆ. ಆದರೆ ಹುಡುಕುವುದಕ್ಕೂ ಮುಂಚೆ ಒಂದು ಸೆಟ್ಟಿಂಗ್ ಬದಲಿಸಬೇಕು. ಇದನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಒತ್ತಿ ಹೇಳುತ್ತೇವೆ.

ಜಿಮೇಲ್ ಒಂದು ವಿಷಯದ ಮೇಲಿನ ಹೋಗು-ಬರವನ್ನೆಲ್ಲ ಒಂದೇ ಸಾಲಾಗಿ ಕಟ್ಟಿ ತೋರಿಸುತ್ತದೆ. ದೊಡ್ಡ ಮೇಲ್ ಹುಡುಕಿದಾಗ ಆ ಕಟ್ಟಿನಲ್ಲಿ ಒಂದೇ ಒಂದು ಮೇಲ್ ದೊಡ್ಡದಿದ್ದರೂ ಸಾಕು, ಸಾಲು ಪಟ್ಟಿಗೆ ಬರುತ್ತದೆ. ಅದನ್ನು ಟಿಕ್ ಮಾಡಿ ಅಳಿಸಿದರೆ ಇಡೀ ಕಟ್ಟು ಹೋಗುತ್ತದೆ. ಈ ಖಾತೆಯಲ್ಲೇ ಸಿಕ್ಕ ಒಂದು ಸಾಲನ್ನು ನೋಡಿ: ಎಲೆಚುಕ್ಕೆ ರೋಗದಿಂದ ತೋಟ ಹಾಳಾದ ಸದಸ್ಯರೊಬ್ಬರು ಐದು ಫೋಟೋ ಲಗತ್ತಿಸಿ ಕಳಿಸಿದ 21 ಎಂಬಿಯ ಮೇಲ್. ಅದರ ಕೆಳಗೆ ಸಂಘದ ಉತ್ತರ, ಸರ್ವೆ ನಂಬರ್ ತಿದ್ದಿ ಅವರು ಮತ್ತೆ ಬರೆದದ್ದು, ಬ್ಯಾಂಕಿನ ಮರುತ್ತರ, ಕೊನೆಗೆ ಸಾಲದ ಅವಧಿ ಮುಂದೂಡಲು ಒಪ್ಪಿಗೆ. ಫೋಟೋಗಳನ್ನು ಬೇರೆ ಕಡೆ ಇಟ್ಟುಕೊಳ್ಳಬಹುದು. ಆದರೆ 12 ಕೆಬಿಯ ಆ ಒಪ್ಪಿಗೆ ಪತ್ರ ಹೋದರೆ ಮತ್ತೆ ಹುಟ್ಟಿಸಲಾಗುವುದಿಲ್ಲ.

ಬಲ ಮೇಲ್ತುದಿಯ ಗೇರ್ ಗುರುತು ಒತ್ತಿ, `See all settings`, ಅದರಲ್ಲಿ `General`, ಅಲ್ಲಿ `Conversation view off` ಆರಿಸಿ. ಪುಟದ ತಳಕ್ಕೆ ಹೋಗಿ `Save Changes` ಒತ್ತಲೇಬೇಕು, ಇಲ್ಲವಾದರೆ ಬದಲಾವಣೆ ಉಳಿಯುವುದಿಲ್ಲ. ಆಮೇಲೆ ಪ್ರತಿ ಮೇಲ್ ತನ್ನದೇ ಸಾಲಿನಲ್ಲಿ ನಿಲ್ಲುತ್ತದೆ, ಒಂದನ್ನು ತೆಗೆದರೆ ಅದೊಂದೇ ಹೋಗುತ್ತದೆ. ಕೆಲಸ ಮುಗಿದ ಮೇಲೆ ಬೇಕಾದರೆ ಮೊದಲಿನಂತೆ ಮಾಡಿಕೊಳ್ಳಬಹುದು. ಇದು ಕಂಪ್ಯೂಟರಿನಲ್ಲೇ ಮಾಡುವ ಕೆಲಸ, ಫೋನಿನಲ್ಲಿ ಬೇಡ.

ಇನ್ನು ಹುಡುಕಾಟ. ಜಿಮೇಲ್‌ನ ಜಾಲಪುಟದಲ್ಲಿ ಮೇಲ್‌ಗಳನ್ನು ಗಾತ್ರದ ಪ್ರಕಾರ ಸಾಲಾಗಿ ಜೋಡಿಸುವ ಸೌಲಭ್ಯ ಇಲ್ಲ. ಆದ್ದರಿಂದ ಮೇಲಿನಿಂದ ಮೆಟ್ಟಿಲು ಇಳಿದಂತೆ ಹುಡುಕಬೇಕು. ಹುಡುಕುವ ಪಟ್ಟಿಯಲ್ಲಿ ಒಂದೊಂದೇ ಸಾಲು ಟೈಪ್ ಮಾಡಿ ನೋಡಿದೆವು:

```
larger:20M
larger:10M smaller:20M
larger:5M smaller:10M
```

`larger:` ಪಕ್ಕದ ಅಂಕಿಗೂ `M` ಅಕ್ಷರಕ್ಕೂ ನಡುವೆ ಜಾಗ ಬಿಡಬಾರದು. `M` ಹಾಕುವುದು ಮರೆತು `larger:20` ಎಂದರೆ ಅದು 20 ಬೈಟ್ ಎಂದಾಗಿ ಖಾತೆಯ ಎಲ್ಲ ಮೇಲ್‌ಗಳೂ ಎದುರಿಗೆ ಬರುತ್ತವೆ. ಪಟ್ಟಿಯಲ್ಲಿ 2 ಸಾಲಿನ ಮೇಲ್ ಕೂಡ ಕಂಡರೆ ಅಲ್ಲೇ ತಪ್ಪಾಗಿದೆ ಎಂದು ತಿಳಿಯಬಹುದು.

ಖಾತೆಯಲ್ಲಿದ್ದ ಸುಮಾರು 31,000 ಮೇಲ್‌ಗಳಲ್ಲಿ 20 ಎಂಬಿ ಮೀರಿದ್ದು 58. ಅವೇ 1.4 ಜಿಬಿ. 10ರಿಂದ 20 ಎಂಬಿಯವು 167, ಒಟ್ಟು 2.3 ಜಿಬಿ. 5ರಿಂದ 10 ಎಂಬಿಯವು 310, ಒಟ್ಟು 2.1 ಜಿಬಿ. ಅಂದರೆ 535 ಮೇಲ್‌ಗಳು 5.8 ಜಿಬಿ ಹಿಡಿದಿದ್ದವು, ಜಿಮೇಲ್ ಪಾಲಿನ ಅರ್ಧಕ್ಕಿಂತ ಹೆಚ್ಚು. 5 ಎಂಬಿಗಿಂತ ಕೆಳಗೆ ನಾವು ಇಳಿಯಲೇ ಇಲ್ಲ. ಅಲ್ಲಿಂದ ಮುಂದೆ ಮೇಲ್‌ಗಳ ಸಂಖ್ಯೆ ಒಂದೇ ಸಮನೆ ಏರುತ್ತದೆ, ಸಿಗುವ ಜಾಗ ಕಡಿಮೆಯಾಗುತ್ತಾ ಬರುತ್ತದೆ. 535 ಸಾಲನ್ನು ಕಣ್ಣಿಟ್ಟು ನೋಡಬಹುದು, ಐದು ಸಾವಿರವನ್ನು ನೋಡಲಾಗುವುದಿಲ್ಲ.

ಈ 535ರಲ್ಲಿ ಏನೇನಿದೆ ಎಂದು ನೋಡುತ್ತಾ ಹೋದಾಗ ಒಂದು ವಿಷಯ ಎದ್ದು ಕಂಡಿತು. ಕಳಿಸಿದವರ ಹೆಸರೂ ಪಡೆದವರ ಹೆಸರೂ ಸಂಘದ್ದೇ ಆಗಿದ್ದ ಮೇಲ್‌ಗಳು ರಾಶಿ ಇದ್ದವು. ಕಚೇರಿಯ ಸ್ಕ್ಯಾನರ್‌ನಲ್ಲಿ ನೇರವಾಗಿ ಮೇಲ್‌ಗೆ ಕಳಿಸುವ ಗುಂಡಿ ಇದೆ. ಪಹಣಿ, ಜಾಮೀನು ಪತ್ರ, ಗುರುತಿನ ಚೀಟಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಸಂಘದ ಮೇಲ್‌ಗೇ ಕಳಿಸಿಕೊಳ್ಳುತ್ತಾರೆ. ಅಲ್ಲಿಂದ ಬ್ಯಾಂಕಿಗೆ ಫಾರ್ವರ್ಡ್ ಮಾಡುತ್ತಾರೆ. ವರ್ಷದ ಕೊನೆಗೆ ಲೆಕ್ಕ ಪರಿಶೋಧಕರು ಕೇಳಿದಾಗ ಅದನ್ನೇ ಇನ್ನೊಮ್ಮೆ ಫಾರ್ವರ್ಡ್ ಮಾಡುತ್ತಾರೆ. ಉತ್ತರ ಬರೆದಾಗ ಲಗತ್ತು ಹಿಂಬಾಲಿಸುವುದಿಲ್ಲ, ಆದರೆ ಫಾರ್ವರ್ಡ್ ಮಾಡಿದಾಗ ಲಗತ್ತಿನ ಪೂರ್ತಿ ಪ್ರತಿ ಹೊಸ ಮೇಲ್‌ಗೆ ಸೇರುತ್ತದೆ. ಹೀಗೆ ಒಂದೇ ಅರ್ಜಿಯ ಪಿಡಿಎಫ್ ಮೂರು ಕಡೆ ಕೂತಿತ್ತು.

```
from:me to:me larger:5M
```

ಇದಕ್ಕೆ ಸಿಕ್ಕಿದ್ದು 212 ಮೇಲ್, 2.6 ಜಿಬಿ. ಇವು `Inbox`ನಲ್ಲೂ `Sent`ನಲ್ಲೂ ಕಾಣುತ್ತವೆ. ಹಾಗೆಂದು ಎರಡು ಪ್ರತಿ ಇವೆ ಎಂದಲ್ಲ. ಜಿಮೇಲ್‌ನಲ್ಲಿ ಇವು ಒಂದೇ ಮೇಲ್‌ಗೆ ಅಂಟಿಸಿದ ಎರಡು ಚೀಟಿಗಳಿದ್ದ ಹಾಗೆ. ಎಲ್ಲಿಂದ ಅಳಿಸಿದರೂ ಒಂದೇ ಮೇಲ್ ಹೋಗುತ್ತದೆ, ಜಾಗವೂ ಒಂದು ಸಲ ಮಾತ್ರ ಸಿಗುತ್ತದೆ.

ಮೂರು ಪ್ರತಿಗಳಲ್ಲಿ ಯಾವುದನ್ನು ಉಳಿಸಬೇಕು ಎಂಬುದರಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ. ಬ್ಯಾಂಕಿಗೆ ಕಳಿಸಿದ್ದು ಉಳಿಯಬೇಕು. ಯಾವ ದಿನ, ಯಾರಿಗೆ, ಯಾವ ಕಾಗದ ಕಳಿಸಿದೆವು ಎಂಬುದಕ್ಕೆ ಅದೇ ದಾಖಲೆ. ತನಗೆ ತಾನೇ ಕಳಿಸಿಕೊಂಡದ್ದರಲ್ಲಿ ಅಂಥ ಬೆಲೆ ಏನೂ ಇಲ್ಲ, ಅದರ ಕೆಲಸ ಫಾರ್ವರ್ಡ್ ಮಾಡಿದ ದಿನವೇ ಮುಗಿದಿದೆ. ಆದರೆ ಪ್ರತಿಯೊಂದೂ ಫಾರ್ವರ್ಡ್ ಆಗಿಯೇ ಇದೆ ಎಂದು ನಂಬಿ ಮುಂದುವರಿಯುವ ಹಾಗಿಲ್ಲ. ಸ್ಕ್ಯಾನರ್ ತಾನಾಗಿ ಕೊಡುವ ಹೆಸರು ಇಲ್ಲಿ ಕೆಲಸಕ್ಕೆ ಬಂತು. ದಿನಾಂಕ, ಗಂಟೆ, ನಿಮಿಷ, ಸೆಕೆಂಡು ಸೇರಿಸಿ ಅದು ಹೆಸರಿಡುತ್ತದೆ, ಹಾಗಾಗಿ ಒಂದರ ಹೆಸರು ಇನ್ನೊಂದಕ್ಕೆ ಬರುವುದಿಲ್ಲ.

```
filename:20230614112233.pdf
```

ಹೀಗೆ ಹುಡುಕಿದರೆ ಆ ಲಗತ್ತು ಇರುವ ಎಲ್ಲ ಮೇಲ್‌ಗಳೂ ಬರುತ್ತವೆ. ಎರಡು ಅಥವಾ ಮೂರು ಸಾಲು ಬಂದರೆ ಬೇರೆ ಪ್ರತಿ ಇದೆ ಎಂದು ಖಾತ್ರಿ. ಒಂದೇ ಸಾಲು ಬಂದರೆ ಅದೊಂದೇ ಪ್ರತಿ. ಅದಕ್ಕೆ ನಕ್ಷತ್ರದ ಗುರುತು ಹಾಕಿ ಬದಿಗಿಟ್ಟೆವು. ಅಳಿಸುವ ಹೊತ್ತಿಗೆ `-is:starred` ಎಂದು ಸೇರಿಸಿದರೆ ನಕ್ಷತ್ರ ಇರುವವು ಪಟ್ಟಿಯಿಂದ ಹೊರಗೆ ಉಳಿಯುತ್ತವೆ.

ಏನನ್ನೇ ಅಳಿಸುವ ಮುಂಚೆ 535ನ್ನೂ ಕಚೇರಿಯ ಕಂಪ್ಯೂಟರಿಗೆ ಇಳಿಸಿಕೊಂಡೆವು. ಒಂದು ಮೇಲ್‌ನಿಂದ ಲಗತ್ತನ್ನು ಮಾತ್ರ ಕಿತ್ತು ಒಕ್ಕಣೆ ಉಳಿಸುವ ಸೌಲಭ್ಯ ಜಿಮೇಲ್‌ನ ಜಾಲಪುಟದಲ್ಲಿಲ್ಲ. ಹೋದರೆ ಪೂರ್ತಿ ಹೋಗುತ್ತದೆ. ಹಾಗಾಗಿ ಪಿಡಿಎಫ್ ಮಾತ್ರ ಡೌನ್‌ಲೋಡ್ ಮಾಡಿದರೆ ಸಾಲದು, ಯಾರು ಯಾವಾಗ ಕಳಿಸಿದರು ಎಂಬ ವಿವರದ ಸಮೇತ ಇಡೀ ಮೇಲ್ ಬೇಕು. ಇದಕ್ಕೆ ಥಂಡರ್‌ಬರ್ಡ್ ಎಂಬ ಉಚಿತ ಮೇಲ್ ತಂತ್ರಾಂಶ ಸಾಕು. ಖಾತೆಯ ವಿಳಾಸ ಕೊಟ್ಟರೆ ಗೂಗಲ್‌ನ ಲಾಗಿನ್ ಕಿಟಕಿ ತಾನೇ ತೆರೆಯುತ್ತದೆ.

ಮಲೆನಾಡಿನಲ್ಲಿ ಈ ಹಂತಕ್ಕೆ ಬಂದಾಗ ಒಂದು ಎಚ್ಚರ ಬೇಕು. ಥಂಡರ್‌ಬರ್ಡ್ ತಾನಾಗಿ ಎಲ್ಲ ಮೇಲ್‌ಗಳನ್ನೂ ಲಗತ್ತಿನ ಸಮೇತ ಇಳಿಸಲು ತೊಡಗುತ್ತದೆ. ಮಳೆಗಾಲದಲ್ಲಿ ಕರೆಂಟು ಇದ್ದಾಗ ನೆಟ್ ಇಲ್ಲ, ನೆಟ್ ಇದ್ದಾಗ ಕರೆಂಟು ಇಲ್ಲ ಎನ್ನುವ ಊರಿನಲ್ಲಿ 10 ಜಿಬಿಯನ್ನು ಹಾಗೆ ಎಳೆಯಲು ಬಿಡಬಾರದು. ಖಾತೆ ಸೇರಿಸಿದ ಕೂಡಲೇ `Account Settings` ಒಳಗಿನ `Synchronization & Storage`ಗೆ ಹೋಗಿ, ಸಂದೇಶಗಳನ್ನು ಈ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಟಿಕ್ ತೆಗೆಯಿರಿ. ಆಗ `All Mail` ತೆರೆದರೆ ಕಳಿಸಿದವರು, ವಿಷಯ, ದಿನಾಂಕ, ಗಾತ್ರ ಇಷ್ಟೇ ಇಳಿಯುತ್ತದೆ. ಅಂಕಣಗಳ ಶೀರ್ಷಿಕೆಯ ಮೇಲೆ ಬಲ ಕ್ಲಿಕ್ ಮಾಡಿ `Size` ಸೇರಿಸಿ, ಅದರ ಮೇಲೆ ಒಂದೆರಡು ಸಲ ಒತ್ತಿದರೆ ಅತಿ ದೊಡ್ಡ ಮೇಲ್ ಮೇಲೆ ಬರುತ್ತದೆ. ಜಾಲಪುಟದಲ್ಲಿ ಇಲ್ಲದ ಜೋಡಣೆ ಇಲ್ಲಿ ಸಿಕ್ಕಿತು. ಹಲವು ಮೇಲ್‌ಗಳನ್ನು ಒಟ್ಟಿಗೆ ಆಯ್ದರೆ ಅವುಗಳ ಒಟ್ಟು ಗಾತ್ರವನ್ನೂ ತೋರಿಸುತ್ತದೆ.

ಗಾತ್ರದ ಅಂಕಣ ನೋಡಿ ಗುಮಾಸ್ತರಿಗೆ ಅನುಮಾನ ಬಂತು. 18 ಎಂಬಿಯ ಪಿಡಿಎಫ್ ಇರುವ ಮೇಲ್ ಅಲ್ಲಿ 24.6 ಎಂಬಿ ಎಂದಿತ್ತು. ಲೆಕ್ಕ ಸರಿಯಾಗಿಯೇ ಇದೆ. ಮೇಲ್‌ನಲ್ಲಿ ಕಡತಗಳು ಇದ್ದ ಹಾಗೆ ಹೋಗುವುದಿಲ್ಲ, ಬೇಸ್64 ಎಂಬ ಕ್ರಮದಲ್ಲಿ ಅಕ್ಷರಗಳಾಗಿ ಬದಲಾಗಿ ಹೋಗುತ್ತವೆ. ಮೂರು ಬೈಟ್ ನಾಲ್ಕು ಅಕ್ಷರವಾಗುತ್ತದೆ, 76 ಅಕ್ಷರಕ್ಕೊಮ್ಮೆ ಸಾಲು ಮುರಿಯುವ ಗುರುತು ಎರಡು ಬೈಟ್ ಸೇರುತ್ತದೆ. ಒಟ್ಟಾರೆ ಸುಮಾರು 37 ಶೇಕಡ ಹೆಚ್ಚುತ್ತದೆ. ಕಂಪ್ಯೂಟರಿನಲ್ಲಿ 100 ಎಂಬಿ ಇರುವ ಫೋಟೋಗಳು ಮೇಲ್ ರೂಪದಲ್ಲಿ 137 ಎಂಬಿ ಆಗುವುದು ಇದೇ ಕಾರಣಕ್ಕೆ.

ಇಳಿಸಿಕೊಳ್ಳಲು ಥಂಡರ್‌ಬರ್ಡ್‌ನ `Local Folders` ಕೆಳಗೆ ಆರ್ಥಿಕ ವರ್ಷಕ್ಕೊಂದರಂತೆ ಫೋಲ್ಡರ್ ಮಾಡಿದೆವು. ಸಂಘದ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಆಡಿಟ್‌ನವರು ಕೇಳುವುದೂ ಹಾಗೇ. ದೊಡ್ಡ ಮೇಲ್‌ಗಳನ್ನು ಆಯ್ದು ಬಲ ಕ್ಲಿಕ್ ಮಾಡಿ `Copy To` ಕೊಡಬೇಕು. ಪಕ್ಕದಲ್ಲೇ ಇರುವ `Move To` ಒತ್ತಬಾರದು. ನಡುವೆ ನೆಟ್ ಹೋದರೆ ಯಾವುದು ಬಂತು, ಯಾವುದು ಬರಲಿಲ್ಲ ಎಂಬ ಗೊಂದಲಕ್ಕೆ ಅದು ದಾರಿ. ನಕಲು ಮಾಡುವಾಗ ನೆಟ್ ಹೋದರೆ ಮೂಲ ಹಾಗೇ ಇರುತ್ತದೆ, ಮತ್ತೆ ಮಾಡಿದರಾಯಿತು.

5.8 ಜಿಬಿಯನ್ನು ಒಂದೇ ದಿನದಲ್ಲಿ ಇಳಿಸಲು ಹೋಗಬೇಡಿ. ಇಂಥ ತಂತ್ರಾಂಶಗಳ ಮೂಲಕ ದಿನಕ್ಕೆ ಇಳಿಸಲು ಗೂಗಲ್ 2,500 ಎಂಬಿಯ ಮಿತಿ ಇಟ್ಟಿದೆ. ಮೀರಿದರೆ `Account exceeded command or bandwidth limits` ಎಂಬ ಸಂದೇಶ ಬಂದು ಸ್ವಲ್ಪ ಹೊತ್ತು ಸಂಪರ್ಕ ನಿಲ್ಲುತ್ತದೆ. ಖಾತೆ ಕೆಟ್ಟಿತು ಎಂದು ಗಾಬರಿಯಾಗಿ ಪಾಸ್‌ವರ್ಡ್ ಬದಲಿಸಲು ಹೋಗುವವರಿದ್ದಾರೆ. ಅದರ ಅಗತ್ಯವಿಲ್ಲ, ಕಾದರೆ ತಾನೇ ಸರಿಯಾಗುತ್ತದೆ. ದಿನಕ್ಕೆ 2 ಜಿಬಿಯಂತೆ ಮೂರು ಕಂತು ಮಾಡಿಕೊಳ್ಳುವುದು ಸಲೀಸು. ನೆಟ್ ವೇಗ ಸೆಕೆಂಡಿಗೆ 4 ಮೆಗಾಬಿಟ್ ಇದ್ದರೆ 2 ಜಿಬಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯುತ್ತದೆ, 1 ಮೆಗಾಬಿಟ್ ಇದ್ದರೆ ನಾಲ್ಕೂವರೆ ಗಂಟೆ.

ಥಂಡರ್‌ಬರ್ಡ್ ಬೇಡ ಎನ್ನುವವರಿಗೆ ಗೂಗಲ್ ಟೇಕ್‌ಔಟ್ ಇದೆ. ದೊಡ್ಡ ಮೇಲ್‌ಗಳಿಗೆ ಒಂದು ಲೇಬಲ್ ಹಚ್ಚಿ, `takeout.google.com`ನಲ್ಲಿ ಆ ಲೇಬಲ್ ಒಂದನ್ನೇ ಆರಿಸಿದರೆ ಎಲ್ಲವೂ ಒಂದು ಕಟ್ಟಾಗಿ ಸಿಗುತ್ತದೆ. ಕಟ್ಟನ್ನು ಎಲ್ಲಿಗೆ ಕಳಿಸಬೇಕು ಎಂದು ಕೇಳಿದಾಗ ಡ್ರೈವ್ ಆರಿಸಬೇಡಿ. ತುಂಬುತ್ತಿರುವ ಅದೇ 15 ಜಿಬಿಯೊಳಗೆ ಇನ್ನೂ 5.8 ಜಿಬಿ ತುರುಕಿದಂತೆ ಆಗುತ್ತದೆ, ಅಷ್ಟು ಜಾಗವೂ ಅಲ್ಲಿರುವುದಿಲ್ಲ. ಡೌನ್‌ಲೋಡ್ ಲಿಂಕ್ ಮೇಲ್‌ಗೆ ಬರುವಂತೆ ಆರಿಸಬೇಕು. ದೊಡ್ಡ ಲಗತ್ತುಗಳನ್ನು ಮೇಲ್‌ನಿಂದ ತೆಗೆದು ಅದೇ ಖಾತೆಯ ಡ್ರೈವ್‌ಗೆ ಹಾಕಿಡೋಣ ಎನ್ನುವ ಸಲಹೆಯೂ ಇದೇ ಕಾರಣಕ್ಕೆ ನಿಷ್ಪ್ರಯೋಜಕ.

ಇಳಿಸಿದ್ದು ಸರಿಯಾಗಿದೆಯೇ ಎಂದು ನೋಡುವ ಕ್ರಮ ಸರಳ. ಥಂಡರ್‌ಬರ್ಡ್‌ನ `File` ಮೆನುವಿನಲ್ಲಿ `Offline`, ಅದರಲ್ಲಿ `Work Offline` ಒತ್ತಿ, ನೆಟ್‌ನ ಕೇಬಲ್ಲನ್ನೂ ಕಿತ್ತಿಡಿ. ಆಮೇಲೆ ಪ್ರತಿ ವರ್ಷದ ಫೋಲ್ಡರ್‌ನಿಂದ ಕೆಲವು ಮೇಲ್ ತೆರೆದು, ಲಗತ್ತನ್ನೂ ತೆರೆದು ಕೊನೆಯ ಪುಟದವರೆಗೆ ಇಳಿಯಿರಿ. ನೆಟ್ ಇರುವಾಗ ನೋಡಿದರೆ ಸರ್ವರ್‌ನಿಂದ ಬಂದದ್ದೋ ಕಂಪ್ಯೂಟರಿನಲ್ಲಿರುವುದೋ ಗೊತ್ತಾಗುವುದಿಲ್ಲ. ಮೇಲ್‌ಗಳ ಸಂಖ್ಯೆಯೂ ತಾಳೆಯಾಗಬೇಕು: ನಮ್ಮ ಎಲ್ಲ ಫೋಲ್ಡರ್ ಸೇರಿ 535 ಇರಬೇಕು, ಇತ್ತು.

ಒಂದು ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಇಟ್ಟ ಹಾಗಲ್ಲ. ಗುಡುಗು ಮಿಂಚಿನ ಕಾಲದಲ್ಲಿ ಇಲ್ಲಿ ಕಂಪ್ಯೂಟರ್ ಸುಡುವುದು ಹೊಸದೇನಲ್ಲ. ಥಂಡರ್‌ಬರ್ಡ್‌ನ `Help` ಮೆನುವಿನ `Troubleshooting Information` ತೆರೆದರೆ ಅದರ ಕಡತಗಳಿರುವ ಜಾಗ ಸಿಗುತ್ತದೆ. ಥಂಡರ್‌ಬರ್ಡ್ ಮುಚ್ಚಿ, ಅಲ್ಲಿನ `Mail` ಒಳಗಿನ `Local Folders` ಅನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ. ಸಾಮಾನ್ಯವಾಗಿ ಒಂದು ಫೋಲ್ಡರ್‌ನ ಮೇಲ್‌ಗಳೆಲ್ಲ ಅಲ್ಲಿ ಒಂದೇ ಕಡತವಾಗಿ ಇರುತ್ತವೆ. ಎಫ್‌ಎಟಿ32 ಮಾದರಿಯ ಪೆನ್‌ಡ್ರೈವ್ 4 ಜಿಬಿ ಮೀರಿದ ಕಡತವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಡ್ರೈವ್ ಖಾಲಿ ಇದ್ದರೂ ಕಡತ ತೀರಾ ದೊಡ್ಡದು ಎಂಬ ತಕರಾರು ಬರುತ್ತದೆ. ವರ್ಷಕ್ಕೊಂದು ಫೋಲ್ಡರ್ ಮಾಡಿದ್ದರ ಇನ್ನೊಂದು ಲಾಭ ಇದು: ಯಾವ ಕಡತವೂ ಆ ಗಾತ್ರ ಮುಟ್ಟಲಿಲ್ಲ.

ಇಷ್ಟಾದ ಮೇಲೆ ಅಳಿಸುವ ಕೆಲಸ. ಇದನ್ನು ಜಾಲಪುಟದಲ್ಲೇ ಮಾಡಿದೆವು. ಮೊದಲು ಸ್ಕ್ಯಾನರ್‌ನ ಮೇಲ್‌ಗಳು, ಆಮೇಲೆ ಆಡಿಟ್ ಮುಗಿದ ವರ್ಷಗಳ ಬೇರೆ ದೊಡ್ಡ ಮೇಲ್‌ಗಳು:

```
from:me to:me larger:5M -is:starred
larger:5M before:2022/04/01 -is:starred
```

ಎರಡನೆಯ ಸಾಲು ಹಾಕುವ ಮುಂಚೆ ಬ್ಯಾಂಕಿನ ಜತೆಗಿನ ದೊಡ್ಡ ಮೇಲ್‌ಗಳಿಗೂ ನಕ್ಷತ್ರ ಹಾಕಿದ್ದೆವು, ಉಳಿಸುವುದು ಎಂದು ಮೊದಲೇ ತೀರ್ಮಾನ ಆಗಿತ್ತಲ್ಲ. ಮೇಲಿನ ಚೌಕಕ್ಕೆ ಟಿಕ್ ಹಾಕಿದರೆ ಪರದೆಯಲ್ಲಿ ಕಾಣುವ 50 ಮಾತ್ರ ಆಯ್ಕೆಯಾಗುತ್ತವೆ. ಹುಡುಕಾಟಕ್ಕೆ ಸಿಕ್ಕಿದ್ದನ್ನೆಲ್ಲ ಆಯ್ದುಕೊಳ್ಳಬೇಕೇ ಎಂಬ ಇನ್ನೊಂದು ಸಾಲು ಅದರ ಕೆಳಗೆ ಮೂಡುತ್ತದೆ. ನಾವು ಅದನ್ನು ಒತ್ತಲಿಲ್ಲ. 50ರಂತೆ ನೋಡಿ ನೋಡಿ ತೆಗೆಯಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಸಂಘದ ಕಾಗದಪತ್ರದ ವಿಷಯದಲ್ಲಿ ಆ ಹೊತ್ತು ಕೊಡುವುದೇ ಸರಿ. ಜಾಹೀರಾತು ತೆಗೆಯುವಾಗ ಮಾತ್ರ ಆ ಸಾಲು ಬಳಸಬಹುದು.

ಅಳಿಸಿದ್ದು `Trash`ಗೆ ಹೋಗಿ 30 ದಿನ ಕೂರುತ್ತದೆ, ಆಮೇಲೆ ತಾನೇ ಇಲ್ಲವಾಗುತ್ತದೆ. ಜಾಗ ಈಗಲೇ ಬೇಕೆಂದರೆ ಖಾಲಿ ಮಾಡಬೇಕು. `Empty Trash now` ಒತ್ತಿದರೆ ಅಲ್ಲಿರುವುದೆಲ್ಲ ಹೋಗುತ್ತದೆ, ಬೇರೆಯವರು ನಿನ್ನೆ ತಪ್ಪಿ ಅಳಿಸಿದ ಸಣ್ಣ ಪತ್ರವೂ ಸೇರಿ. ಅದರ ಬದಲು ಹೀಗೆ ಹುಡುಕಿ:

```
in:trash larger:5M
```

ಬಂದವನ್ನು ಆಯ್ದು `Delete forever` ಒತ್ತಿದರೆ ಭಾರದವು ಮಾತ್ರ ಹೋಗಿ, ಸಣ್ಣವಕ್ಕೆ 30 ದಿನದ ರಕ್ಷಣೆ ಉಳಿಯುತ್ತದೆ. ಸಾಮಾನ್ಯ ಹುಡುಕಾಟ `Trash` ಮತ್ತು `Spam` ಒಳಗೆ ನೋಡುವುದಿಲ್ಲ, ಅದಕ್ಕೇ `in:trash` ಎಂದು ಬಿಡಿಸಿ ಹೇಳಬೇಕು. ಅಳಿಸಿದ ತಕ್ಷಣ ಸ್ಟೋರೇಜ್ ಪುಟದ ಅಂಕಿ ಇಳಿಯದಿದ್ದರೆ ಚಿಂತೆ ಬೇಡ, ಲೆಕ್ಕ ತಡವಾಗಿ ತಿರುಗುತ್ತದೆ. ಮಾರನೇ ದಿನವೂ ಇಳಿದಿಲ್ಲವೆಂದರೆ `Trash`ನಲ್ಲಿ ಉಳಿದಿದೆಯೇ ನೋಡಿ. ಬಹುಪಾಲು ಅಲ್ಲೇ ಇರುತ್ತದೆ. ನಮಗೆ ಸ್ಕ್ಯಾನರ್‌ನ ಮೇಲ್‌ಗಳಿಂದ 2.6, ಹಳೆಯ ವರ್ಷಗಳಿಂದ 1.9, ಒಟ್ಟು 4.5 ಜಿಬಿ ಸಿಕ್ಕಿತು. ಖಾತೆ 14.3ರಿಂದ 9.8ಕ್ಕೆ ಇಳಿಯಿತು.

ಸ್ಕ್ಯಾನರ್ ಹಾಗೇ ಬಿಟ್ಟಿದ್ದರೆ ಇದು ಮತ್ತೆ ತುಂಬುವುದರಲ್ಲಿ ಸಂಶಯವಿರಲಿಲ್ಲ. ಅದನ್ನು 600 ಡಿಪಿಐ, ಅಂದರೆ ಅಂಗುಲಕ್ಕೆ 600 ಚುಕ್ಕೆ, ಜತೆಗೆ ಬಣ್ಣ ಎಂದು ಇಟ್ಟಿದ್ದರು, ಎದ್ದು ಕಾಣಲಿ ಎಂಬ ಉದ್ದೇಶದಿಂದ. ಎ4 ಹಾಳೆಯನ್ನು 300 ಡಿಪಿಐನಲ್ಲಿ ತೆಗೆದರೆ 2480 ಅಡ್ಡ, 3508 ಉದ್ದ, ಅಂದರೆ 87 ಲಕ್ಷ ಚುಕ್ಕೆ. 600ಕ್ಕೆ ಹೋದರೆ ಅದರ ನಾಲ್ಕು ಪಟ್ಟು. 200ಕ್ಕೆ ಇಳಿಸಿದರೆ 600ರಲ್ಲಿದ್ದ ಚುಕ್ಕೆಗಳ ಒಂಬತ್ತರಲ್ಲಿ ಒಂದು ಪಾಲು ಸಾಕು, ಬೂದು ಬಣ್ಣಕ್ಕೆ ಬದಲಿಸಿದರೆ ಪ್ರತಿ ಚುಕ್ಕೆಗೆ ಮೂರು ಬೈಟ್ ಬದಲು ಒಂದು. ಪಿಡಿಎಫ್ ಆಗುವಾಗ ಒತ್ತಿ ಚಿಕ್ಕದಾಗುವುದರಿಂದ ಕಡತದ ಗಾತ್ರ ಇದೇ ಲೆಕ್ಕದಲ್ಲಿ ಇಳಿಯುವುದಿಲ್ಲ, ಆದರೂ ವ್ಯತ್ಯಾಸ ದೊಡ್ಡದೇ. ಒಂದು ಪಹಣಿಯನ್ನು ಎರಡೂ ಬಗೆಯಲ್ಲಿ ತೆಗೆದು ಪಕ್ಕದಲ್ಲಿಟ್ಟು ನೋಡಿದಾಗ ಸರ್ವೆ ನಂಬರ್, ಎಕರೆ ಗುಂಟೆಯ ಅಂಕಿ, ಸಣ್ಣ ಅಕ್ಷರದ ಷರಾ ಎಲ್ಲ 200ರಲ್ಲೂ ಸಲೀಸಾಗಿ ಓದಬಹುದಿತ್ತು. ಮಸುಕಾದ ಹಳೆಯ ಕೈಬರಹದ ಪತ್ರ, ಬಣ್ಣದ ಮೊಹರು ಇರುವ ಪುಟಕ್ಕೆ ಮಾತ್ರ 300 ಮತ್ತು ಬಣ್ಣ ಬೇಕು. ಸ್ಕ್ಯಾನ್ ಮಾಡಿದ್ದನ್ನು ಮೇಲ್‌ಗೆ ಕಳಿಸುವ ಬದಲು ನೆಟ್‌ವರ್ಕ್ ಫೋಲ್ಡರ್‌ಗೆ ಹಾಕುವ ಆಯ್ಕೆಯೂ ಅದೇ ಯಂತ್ರದಲ್ಲಿತ್ತು. ಕಾರ್ಯದರ್ಶಿಗಳು ಅದಕ್ಕೆ ಬದಲಿಸಿಕೊಂಡರು, ತನಗೆ ತಾನೇ ಕಳಿಸಿಕೊಳ್ಳುವ ಮೇಲ್ ಅಲ್ಲಿಗೆ ನಿಂತಿತು.

ಸದಸ್ಯರು ಕಳಿಸುವ ಫೋಟೋಗಳ ವಿಷಯದಲ್ಲಿ ಮಾಡುವುದಕ್ಕೆ ಅಷ್ಟೇನೂ ಇಲ್ಲ. ಕೊಳೆ ರೋಗ, ಎಲೆಚುಕ್ಕೆ ರೋಗದ ಕಾಲದಲ್ಲಿ ಅವು ಬಂದೇ ಬರುತ್ತವೆ, ಫೋನಿನ ಫೋಟೋ ಒಂದೊಂದು 3ರಿಂದ 5 ಎಂಬಿ ಇರುತ್ತದೆ. ಅದಕ್ಕೆ ಗುಮಾಸ್ತರಿಗೆ ತಿಂಗಳಿಗೊಮ್ಮೆ ಹುಡುಕಲು ಒಂದೇ ಸಾಲು ಬರೆದುಕೊಟ್ಟೆವು:

```
larger:5M newer_than:31d
```

ಬಂದ ಮೇಲ್‌ಗಳನ್ನು ಆ ವರ್ಷದ ಫೋಲ್ಡರ್‌ಗೆ ನಕಲು ಮಾಡಬೇಕು, ಡಿಸ್ಕಿಗೂ ಹಾಕಬೇಕು. ಅಳಿಸುವುದು ಆಗಲೇ ಅಲ್ಲ, ಆ ವರ್ಷದ ಆಡಿಟ್ ಮುಗಿದ ಮೇಲೆ.